ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ, ಇಯರ್‌ಫೋನ್ ಆಮೇಲೆ ಎಸೆಯಿರಿ

"ಹಾಡುವವರೇ ಕಾಣೆ ಆಗಿದ್ದಾರೆ ಕಣೋ, ಬರೀ ವಾದ್ಯ ಕೇಳಿಸ್ತಿದೆ" ಅಂತ ಅಕ್ಕ ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ಆಮೇಲೆ ಅವಳ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿದರೆ ನಿಜವಾಗಿಯೂ ಹಾಗೇ ಇತ್ತು. ವಾದ್ಯಗಳು ಪರವಾಗಿಲ್ಲ, ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಎರಡು ದಿನ ಬಿಟ್ಟು ಅದೂ ಹೋಯಿತು. ಇಯರ್‌ಫೋನ್ ಚುಚ್ಚಿದ್ದರೂ ಹಾಡು ಸ್ಪೀಕರ್‌ನಲ್ಲೇ ಜೋರಾಗಿ ಬರತೊಡಗಿತು. ಅವಳು ಅಷ್ಟರಲ್ಲಿ ಹೊಸ ಇಯರ್‌ಫೋನ್ ತಂದಿದ್ದಳು. ಅದೂ ಹಾಗೇ. ಅಂಗಡಿಯವನು ಮೋಸ ಮಾಡಿದ ಅಂತ ಬೈದದ್ದೂ ಆಯಿತು.

ಮೋಸ ಯಾರೂ ಮಾಡಿರಲಿಲ್ಲ. ತೂತಿನಲ್ಲಿ ಕಸ ತುಂಬಿತ್ತು, ಅಷ್ಟೇ.

ಇದನ್ನು ಬರೆಯೋಕೆ ಕಾರಣ, ವೈರ್ ಇಯರ್‌ಫೋನ್ ಕೆಲಸ ಮಾಡದಿದ್ದರೆ ಎಲ್ಲರೂ ಮೊದಲು ಇಯರ್‌ಫೋನನ್ನೇ ಎಸೆಯುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಅನುಮಾನಿಸಬೇಕಾದ ವಸ್ತು, ಅದರಲ್ಲೂ ಸದ್ದು ಸ್ಪೀಕರ್‌ನಲ್ಲೇ ಉಳಿದಿದ್ದರೆ. ಯಾಕೆ ಅಂದರೆ ಇಯರ್‌ಫೋನ್ ಒಳಗಿನ ತಂತಿ ಕಡಿದುಹೋಗಿದ್ದರೆ ಸದ್ದು ಸ್ಪೀಕರ್‌ಗೆ ವಾಪಸ್ ಹೋಗಲ್ಲ, ಸಾಮಾನ್ಯವಾಗಿ ಒಂದು ಕಿವಿ ಸತ್ತುಹೋಗುತ್ತದೆ, ಇಲ್ಲ ಕರಕರ ಅನ್ನುತ್ತದೆ, ಹಾಡು ಮಾತ್ರ ತನ್ನ ಪಾಡಿಗೆ ಓಡುತ್ತಾ ಇರುತ್ತದೆ. ಸ್ಪೀಕರ್‌ನಲ್ಲಿ ಬರುತ್ತಿದೆ ಅಂದರೆ ಏನೋ ಚುಚ್ಚಿದ್ದಾರೆ ಅನ್ನೋದೇ ಫೋನಿಗೆ ಗೊತ್ತಾಗಿಲ್ಲ ಅಂತ ಅರ್ಥ. ಅದಕ್ಕೆ ಗೊತ್ತಾಗೋದು ಹೇಗೆ?

ದುಂಡು ತೂತಿನ ಫೋನಿನಲ್ಲಿ, ಅಂದರೆ 3.5 ಮಿ.ಮೀ. ಜ್ಯಾಕ್ ಇರುವುದರಲ್ಲಿ, ಸಾಕೆಟ್ ಒಳಗೆ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಪಿನ್ ಪೂರ್ತಿ ಒಳಗೆ ಹೋದಾಗ ಅದು ಆ ಪಟ್ಟಿಯನ್ನು ಒತ್ತುತ್ತದೆ, ಆಗ ಫೋನ್ ಸ್ಪೀಕರ್ ಮುಚ್ಚಿ ಸದ್ದನ್ನು ಇಯರ್‌ಫೋನಿಗೆ ಕಳಿಸುತ್ತದೆ. ಜೇಬಿನಲ್ಲಿ, ಬ್ಯಾಗಿನಲ್ಲಿ ಇಟ್ಟು ಇಟ್ಟು ತೂತಿನೊಳಗೆ ಬಟ್ಟೆಯ ಜುಂಗು ಸೇರುತ್ತದೆ. ನಾವು ಪ್ರತಿ ಸಲ ಪಿನ್ ಚುಚ್ಚಿದಾಗ ಆ ಜುಂಗನ್ನು ತಳಕ್ಕೆ ತುರುಕುತ್ತೇವೆ. ದಿನ ಕಳೆದಂತೆ ಅದು ಗಟ್ಟಿ ಬಿಲ್ಲೆಯ ಹಾಗೆ ಆಗುತ್ತದೆ. ಪಿನ್ ಅರ್ಧ ಮಿಲಿಮೀಟರೋ ಒಂದು ಮಿಲಿಮೀಟರೋ ಹೊರಗೇ ನಿಂತುಬಿಡುತ್ತದೆ. ಕಣ್ಣಿಗೆ ಪೂರ್ತಿ ಹೋದ ಹಾಗೇ ಕಾಣುತ್ತದೆ, ಆದರೆ ಕೊನೆಯಲ್ಲಿ ಬರಬೇಕಾದ ಆ "ಟಕ್" ಇರಲ್ಲ.

ಹಾಡುವವರು ಕಾಣೆಯಾದದ್ದು ಇದಕ್ಕೇ. ಮೈಕ್ ಇರುವ ಇಯರ್‌ಫೋನ್ ಪಿನ್ ನೋಡಿ, ಮೂರು ಕಪ್ಪು ಅಥವಾ ಬಿಳಿ ಗೆರೆ ಇರುತ್ತವೆ, ಅವುಗಳ ನಡುವೆ ನಾಲ್ಕು ಲೋಹದ ಭಾಗ. ತುದಿ ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ, ಉಳಿದ ಎರಡರಲ್ಲಿ ಒಂದು ಗ್ರೌಂಡ್, ಒಂದು ಮೈಕ್. ಎರಡೂ ಕಿವಿಯ ಕರೆಂಟು ವಾಪಸ್ ಹೋಗುವ ದಾರಿ ಈ ಗ್ರೌಂಡ್. ಪಿನ್ ಸ್ವಲ್ಪ ಹೊರಗೆ ನಿಂತು ಗ್ರೌಂಡ್ ತಪ್ಪಿದರೆ ಎಡ ಮತ್ತು ಬಲ ಒಂದಕ್ಕೊಂದು ಜೋಡಣೆಯಾಗಿ, ಅವೆರಡರ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇಟ್ಟಿರುತ್ತಾರೆ. ವ್ಯತ್ಯಾಸ ಸೊನ್ನೆ, ದನಿ ಮಾಯ! ಇಂಥ ಹೊತ್ತಲ್ಲಿ ಮೈಕ್ ಹತ್ತಿರದ ಬಟನ್ ಒತ್ತಿ ಹಿಡಿದಾಗ ದನಿ ವಾಪಸ್ ಬಂದರೆ ಗ್ರೌಂಡಿನದ್ದೇ ತೊಂದರೆ ಅಂತ ಖಾತ್ರಿ, ಯಾಕೆಂದರೆ ಆ ಬಟನ್ ಮಾಡೋ ಕೆಲಸವೇ ಮೈಕ್ ತಂತಿಯನ್ನು ಗ್ರೌಂಡಿಗೆ ಸೇರಿಸೋದು. ಅಕ್ಕನಿಗೆ ಒತ್ತಿ ನೋಡು ಅಂದೆ. ದನಿ ಬಂತು. "ಮಂತ್ರವಾದಿ ಆಗಿದ್ದೀಯಾ" ಅಂದಳು.

ಸರಿ, ಸ್ವಚ್ಛ ಮಾಡೋದು. ಫೋನ್ ಆಫ್ ಮಾಡಿ. ತೂತಿಗೆ ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಬೂದು ಬಣ್ಣದ ಹತ್ತಿಯ ಹಾಗೆ ಕಂಡರೆ ಅದೇ ಕಳ್ಳ. ನಾನು ಬಳಸೋದು ಮರದ ಟೂತ್‌ಪಿಕ್, ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಚಪ್ಪಟೆ ಮಾಡಿಕೊಂಡು. ಚುಚ್ಚಬಾರದು. ಗೋಡೆಯ ಪಕ್ಕದಿಂದ ಇಳಿಸಿ, ತಳದಲ್ಲಿ ಮೆಲ್ಲಗೆ ತಿರುಗಿಸಿ, ಜುಂಗನ್ನು ಸಿಕ್ಕಿಸಿಕೊಂಡು ಹೊರಕ್ಕೆ ಎಳೆಯಬೇಕು, ಫೋನನ್ನು ತೂತು ಕೆಳಗೆ ಬರುವ ಹಾಗೆ ಹಿಡಿದುಕೊಂಡು. ಹತ್ತಿ ಸುತ್ತಿದ ಕಿವಿ ಕಡ್ಡಿ ಬೇಡ, ಅದು 3.5 ಮಿ.ಮೀ.ಗಿಂತ ದಪ್ಪ, ಬಲವಂತ ಮಾಡಿದರೆ ತನ್ನದೇ ಹತ್ತಿಯನ್ನು ಒಳಗೆ ಬಿಟ್ಟು ಬರುತ್ತದೆ. ಸೂಜಿ, ಸೇಫ್ಟಿ ಪಿನ್ ಖಂಡಿತ ಬೇಡ. ಒಳಗಿನ ಸ್ಪ್ರಿಂಗ್ ಪಟ್ಟಿ ಒಮ್ಮೆ ಬಾಗಿದರೆ ಮತ್ತೆ ಸಾಕೆಟ್ಟನ್ನೇ ಬದಲಾಯಿಸಬೇಕು. ಬಾಯಿಂದ ಊದೋದೂ ಬೇಡ, ನಮ್ಮ ಉಸಿರಿನಲ್ಲಿ ತೇವ ಇರುತ್ತದೆ. ಅಕ್ಕನ ಫೋನಿನಿಂದ ಮೂರು ಸಲಕ್ಕೆ ಒಂದು ಹೆಸರುಕಾಳಿನಷ್ಟು ಉಂಡೆ ಬಂತು. ಎರಡನೇ ಸಲ ಮುಗಿದಾಗ ಏನೂ ಬದಲಾಗಿರಲಿಲ್ಲ, ಮೂರನೆಯದಕ್ಕೆ "ಟಕ್" ಕೇಳಿತು. ಅಂದರೆ ಒಮ್ಮೆ ಮಾಡಿ ಆಗಲಿಲ್ಲ ಅಂತ ಬಿಡಬೇಡಿ.

ಜುಂಗು ಇಲ್ಲದೆ ಬರೀ ಜಿಡ್ಡು, ಹಸಿರು ಕಿಲುಬು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, 90 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರೋದು. ಹಲ್ಲಿನ ಸಂದು ಉಜ್ಜುವ ಸಣ್ಣ ಬ್ರಷ್ಷನ್ನು ಅದರಲ್ಲಿ ಅದ್ದಿ, ಝಾಡಿಸಿ, ಬರೀ ಒದ್ದೆ ಇರುವಾಗ ಒಳಗೆ ತಿರುಗಿಸಬೇಕು. ಆ ಬ್ರಷ್ಷಿನ ನಡುವೆ ತಂತಿ ಇರುತ್ತದೆ, ಅದಕ್ಕೇ ಫೋನ್ ಆಫ್ ಇರಲಿ, ಕೈ ಹಗುರ ಇರಲಿ. ಆಲ್ಕೋಹಾಲನ್ನು ತೂತಿಗೆ ಸುರಿಯಬೇಡಿ ಮಾರಾಯ್ರೇ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಇದೇ ಸ್ಪ್ರಿಂಗ್ ಪಟ್ಟಿ ಬೆವರಿಗೋ ನೀರಿಗೋ ಸಿಕ್ಕಿ ಉಲ್ಟಾ ಕೈಕೊಡುವುದೂ ಇದೆ: ಏನೂ ಚುಚ್ಚದೇ ಇದ್ದರೂ ಮೇಲೆ ಹೆಡ್‌ಫೋನ್ ಗುರುತು ಬಂದು, ಸ್ಪೀಕರ್ ಮೂಕವಾಗುತ್ತದೆ. ಔಷಧಿ ಅದೇ.

ಇನ್ನು ಅಡಾಪ್ಟರ್. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನನ್ನ ಫೋನಿಗೆ ದುಂಡು ತೂತು ಇಲ್ಲ, ಟೈಪ್-ಸಿ ಒಂದೇ. ಟೈಪ್-ಸಿಯಿಂದ ಇಯರ್‌ಫೋನಿಗೆ ಕೊಡುವ ಆ ಚೋಟುದ್ದದ ವೈರಿನಲ್ಲಿ ಎರಡು ಜಾತಿ ಇವೆ, ನೋಡೋಕೆ ಎರಡೂ ಒಂದೇ. ಒಂದರ ಒಳಗೆ ಡ್ಯಾಕ್ ಅನ್ನೋ ಚಿಪ್ ಇರುತ್ತದೆ, ಫೋನ್ ಕೊಟ್ಟ ಡಿಜಿಟಲ್ ಸದ್ದನ್ನು ಅದೇ ಕಿವಿಗೆ ಕೇಳುವ ಸದ್ದಾಗಿ ಮಾಡುತ್ತದೆ. ಇನ್ನೊಂದರಲ್ಲಿ ಅಂಥ ಚಿಪ್ ಇಲ್ಲ, ಹೆಚ್ಚುಕಮ್ಮಿ ಬರೀ ತಂತಿ, ಸದ್ದು ಮಾಡುವ ಕೆಲಸ ಫೋನೇ ಮಾಡಬೇಕು. ಟೈಪ್-ಸಿ ತೂತಿನಿಂದ ಹಾಗೆ ಸದ್ದು ಕಳಿಸುವ ಏರ್ಪಾಡು ಎಲ್ಲ ಫೋನಿನಲ್ಲೂ ಇಲ್ಲ. ಇಲ್ಲದ ಫೋನಿಗೆ ಇದನ್ನು ಹಾಕಿದರೆ ಹಾಡು ಸ್ಪೀಕರ್‌ನಲ್ಲೇ. ಫೋನೂ ಸರಿ, ಅಡಾಪ್ಟರೂ ಸರಿ, ಜೋಡಿ ತಪ್ಪು. ಪೊಟ್ಟಣದ ಮೇಲೆ ಇದನ್ನು ದೊಡ್ಡದಾಗಿ ಬರೆದರೆ ಏನು ಗಂಟು ಹೋಗುತ್ತದೆ? ನನ್ನ ಮೊದಲನೇ ಅಡಾಪ್ಟರ್ ಮೇಲೆ ಇದ್ದದ್ದು "ಎಲ್ಲಾ ಟೈಪ್-ಸಿ ಫೋನಿಗೂ" ಅಂತ. ಸುಳ್ಳು.

ಗುರುತಿಸೋದಕ್ಕೆ ಒಂದು ಸುಲಭದ ದಾರಿ ಇದೆ. ಟೈಪ್-ಸಿ ತೂತಿರುವ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಮೇತ ಅಡಾಪ್ಟರ್ ಚುಚ್ಚಿ, ಸೌಂಡ್ ಸೆಟ್ಟಿಂಗ್ಸ್ ತೆಗೆಯಿರಿ. ಹೊಸ ಸಾಧನದ ಹೆಸರು ಬಂದರೆ ಚಿಪ್ ಇದೆ, ಅದು ಜೀವಂತವೂ ಇದೆ. ಏನೂ ಬರದಿದ್ದರೆ ಚಿಪ್ ಇಲ್ಲದ ಜಾತಿ, ಇಲ್ಲವೇ ಸತ್ತಿದೆ. ನಾನು ಹೀಗೆ ನೋಡಿ ಚಿಪ್ ಇರುವ ಎರಡನೆಯದನ್ನು ತಂದೆ, ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು.

ಆಮೇಲೆ ಕೈ ತಾಗಿದರೆ ಸಾಕು ಹಾಡು ನಿಲ್ಲತೊಡಗಿತು. ಇಲ್ಲಿ ಮತ್ತೆ ಸದ್ದನ್ನೇ ಕೇಳಬೇಕು. ಹಾಡು ತಾನಾಗಿ ಪಾಜ್ ಆಗುತ್ತಿದ್ದರೆ, ಫೋನಿಗೆ ಅಡಾಪ್ಟರ್ ಕಳಚಿದ ಹಾಗೆ ಕಾಣುತ್ತಿದೆ, ಅಂದರೆ ತೊಂದರೆ ಟೈಪ್-ಸಿ ತುದಿಯ ಕಡೆ. ಹಾಡು ಓಡುತ್ತಿದೆ ಆದರೆ ಕಿವಿಯಲ್ಲೂ ಇಲ್ಲ, ಸ್ಪೀಕರ್‌ನಲ್ಲೂ ಇಲ್ಲ ಅಂದರೆ, ಫೋನು ಅಡಾಪ್ಟರನ್ನು ಗುರುತಿಸಿದೆ, ತೊಂದರೆ ಅದರಿಂದ ಆಚೆ. ನನ್ನದು ಮೊದಲನೆಯದು. ಪ್ಲಗ್ಗನ್ನು ತಿರುಗಿಸಿ ಹಾಕಿದೆ, ಟೈಪ್-ಸಿ ಹೇಗೆ ಹಾಕಿದರೂ ನಡೆಯಬೇಕಲ್ವಾ, ಒಂದು ಮಗ್ಗುಲಲ್ಲಿ ಸರಿ, ಇನ್ನೊಂದು ಮಗ್ಗುಲಲ್ಲಿ ಇಲ್ಲ. ಹಾಗಾದರೆ ಒಂದು ಬದಿಯ ಸಂಪರ್ಕಗಳಿಗೆ ಕೊಳೆ ಹಿಡಿದಿದೆ ಅಥವಾ ಸವೆದಿವೆ. ಬೇರೆ ಟೈಪ್-ಸಿ ವೈರ್ ಹಾಕಿದಾಗಲೂ ಸಡಿಲ ಅನ್ನಿಸಿದ್ದರಿಂದ ಕಸ ಫೋನಿನಲ್ಲೇ ಅಂತ ಗೊತ್ತಾಯಿತು. "ಚಾರ್ಜ್ ಆಗ್ತಿದೆ, ಹಾಗಾಗಿ ತೂತು ಸರಿ ಇದೆ" ಅನ್ನೋ ವಾದ ನಂಬಬೇಡಿ. ಕರೆಂಟಿನ ಪಿನ್ನುಗಳು ಸ್ವಲ್ಪ ಉದ್ದ ಇರುತ್ತವೆ, ಮೊದಲು ತಾಗುತ್ತವೆ, ಉಳಿದವು ತಾಗದೇ ಇರಬಹುದು.

ಟೈಪ್-ಸಿ ತೂತಿನ ನಡುವೆ ತೆಳು ನಾಲಗೆ ಇರುತ್ತದೆ, ಅದು ಮುರಿದರೆ ಕಥೆ ಮುಗಿಯಿತು. ಟೂತ್‌ಪಿಕ್ಕನ್ನು ಇನ್ನೂ ತೆಳ್ಳಗೆ ಕೆತ್ತಿ, ನಾಲಗೆಗೆ ಒರಗಿಸದೆ, ಹೊರಗೋಡೆ ಹಿಡಿದು ತಳ ಗೀರಿದೆ. ಜುಂಗು ಬಂತು, ಪ್ಲಗ್ ಪೂರ್ತಿ ಕೂತಿತು, ಹಾಡು ನಿಲ್ಲೋದು ನಿಂತಿತು.

ಎಲ್ಲ ಸರಿಯಿದ್ದೂ ಸ್ಪೀಕರ್‌ನಲ್ಲೇ ಬಂದರೆ ಸೆಟ್ಟಿಂಗ್ಸ್ ಒಮ್ಮೆ ನೋಡಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ OTG connection ಅಂತ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ನಿನ್ನೆ ಇತ್ತು ಇವತ್ತು ಇಲ್ಲ ಅನ್ನುವವರದ್ದು ಎಷ್ಟೋ ಸಲ ಇದೇ. Developer options ಒಳಗೆ Disable USB audio routing ಅಂತ ಒಂದಿದೆ, ಅದು ಆನ್ ಆಗಿದ್ದರೆ ಅಡಾಪ್ಟರಿಗೆ ಸದ್ದು ತಾನಾಗಿ ಹೋಗುವುದಿಲ್ಲ. ದಪ್ಪ ಕವರ್ ಹಾಕಿದ್ದರೆ ಅದನ್ನು ತೆಗೆದೂ ನೋಡಿ, ಪ್ಲಗ್ಗಿನ ಕುತ್ತಿಗೆ ಕವರಿಗೆ ತಾಗಿ ಒಳಗೆ ಹೋಗದೇ ಇರೋದು ನಾನೇ ಎರಡು ಸಲ ಕಂಡಿದ್ದೇನೆ.

ಸ್ವಚ್ಛ ಮಾಡಿ, ತಿರುಗಿಸಿ ಹಾಕಿ, ಲ್ಯಾಪ್‌ಟಾಪಿನಲ್ಲೂ ನೋಡಿ ಆದಮೇಲೂ ಅಡಾಪ್ಟರಿನ ಕುತ್ತಿಗೆ ಬಗ್ಗಿಸಿದಾಗ ಮಾತ್ರ ಸದ್ದು ಬಂದು ಹೋಗುತ್ತಿದ್ದರೆ ಒಳಗಿನ ತಂತಿ ಬಿಟ್ಟಿದೆ, ಅದನ್ನು ಟೇಪ್ ಸುತ್ತಿ ಉಳಿಸಲಾಗದು. ಅಕ್ಕನ ಹೊಸ ಇಯರ್‌ಫೋನ್ ಈಗ ನನ್ನ ಹತ್ತಿರ ಇದೆ, ಅವಳು ಹಳೆಯದರಲ್ಲೇ ಹಾಡು ಕೇಳುತ್ತಿದ್ದಾಳೆ. ನನ್ನ ಎರಡು ಅಡಾಪ್ಟರ್‌ಗಳಲ್ಲಿ ಚಿಪ್ ಇರುವುದಕ್ಕೆ ಕೆಂಪು ದಾರ ಕಟ್ಟಿ ಇಟ್ಟಿದ್ದೇನೆ, ಯಾಕೆಂದರೆ ಕತ್ತಲಲ್ಲಿ ಡ್ರಾಯರಿಗೆ ಕೈ ಹಾಕಿದರೆ ಪ್ರತಿ ಸಲ ಸಿಗೋದು ಆ ಇನ್ನೊಂದೇ.