ದಪ್ಪಕ್ಷರದ ಜ್ವರ

ಪೂರ್ತಿ ದೇಹದ ತಪಾಸಣೆಗೆಂದು ರಕ್ತ ಕೊಟ್ಟು ಬಂದರೆ, ವರದಿಯ ಜೊತೆಗೆ ಭೀತಿಯೂ ಮೊಬೈಲಿಗೇ ಬಂದು ಬೀಳುತ್ತದೆ. 64 ವರ್ಷದ ಗೃಹಿಣಿಯೊಬ್ಬರ ವರದಿ ಬಂತೆಂದಿಟ್ಟುಕೊಳ್ಳಿ. ಮೈಯೊಳಗಿನ ಉರಿಯೂತದ ಸುಳಿವು ಕೊಡುವ ಎರಡು ರಕ್ತಪರೀಕ್ಷೆಗಳಲ್ಲಿ ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ, ಇಎಸ್‌ಆರ್ 42. ಎರಡೂ ದಪ್ಪಕ್ಷರದಲ್ಲಿವೆ, ಪಕ್ಕದಲ್ಲಿ ಮೇಲ್ಮುಖದ ಕೆಂಪು ಬಾಣ. ಸಂಜೆಯೊಳಗೆ ಮಗ ಕ್ಯಾನ್ಸರ್ ಎನ್ನುತ್ತಾನೆ, ಸೊಸೆ ಸಂಧಿವಾತ ಎನ್ನುತ್ತಾಳೆ, ಭಾವ ಯಾವುದಕ್ಕೂ ಇರಲಿ ಎಂದು ಆ್ಯಂಟಿಬಯಾಟಿಕ್‌ನ ಹೆಸರು ಕಳಿಸುತ್ತಾರೆ. ಕಳೆದ ವಾರ ಆಕೆಗೆ ನೆಗಡಿ, ಜ್ವರ ಇತ್ತೇ ಎಂದು ಕೇಳುವವರು ಮಾತ್ರ ಒಬ್ಬರೂ ಇಲ್ಲ. ಇತ್ತು.

ಇಎಸ್‌ಆರ್‌ನ ಬಗ್ಗೆ ನನಗೆ ಅಪಾರ ಗೌರವ. ವೈದ್ಯವಿಜ್ಞಾನ ಎಲ್ಲೆಲ್ಲಿಗೋ ಹೋದರೂ ಇದು ಮಾಡುವ ಕೆಲಸ ಇಷ್ಟೇ: ರಕ್ತವನ್ನು ಸಪೂರ ನಳಿಕೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುವುದು. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೊಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಕಣಗಳು ನಾಣ್ಯದ ಸಾಲಿನಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆ ಇದ್ದರೂ, ಗರ್ಭಿಣಿಯಾಗಿದ್ದರೂ, ಸುಮ್ಮನೆ ವಯಸ್ಸಾದರೂ ಇಳಿಯುತ್ತವೆ. ಹಳೆಯ ಸ್ಥೂಲ ಲೆಕ್ಕದಂತೆ ಮಹಿಳೆಯರ ವಯಸ್ಸಿಗೆ ಹತ್ತು ಸೇರಿಸಿ ಅರ್ಧ ಮಾಡಬೇಕು. ಈಕೆಗೆ 37ರವರೆಗೆ ಮಾಮೂಲು. ವರದಿಯಲ್ಲಿ ಮುದ್ರಿಸಿದ ಮಿತಿ ಇಪ್ಪತ್ತು. ಅರುವತ್ತು ದಾಟಿದ್ದೇ ಒಂದು ಕಾಯಿಲೆ ಎಂದು ನಿರ್ಧರಿಸಿದ ಆ ಮುದ್ರಣ ಯಂತ್ರಕ್ಕೆ ನಮಸ್ಕಾರ.

ಸಿಆರ್‌ಪಿ ಸ್ವಲ್ಪ ಚುರುಕು. ಯಕೃತ್ತು ಈ ಪ್ರೋಟೀನನ್ನು ಕೆಲವೇ ಗಂಟೆಗಳಲ್ಲಿ ತಯಾರಿಸಿ ಬಿಡುತ್ತದೆ, ಪ್ರಚೋದನೆ ನಿಂತರೆ ಹೆಚ್ಚುಕಡಿಮೆ 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇಎಸ್‌ಆರ್ ಮಾತ್ರ ವಾರಗಟ್ಟಲೆ ಕಾಲೆಳೆದುಕೊಂಡು ಇಳಿಯುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆಯೇ ಮತ್ತೆ ರಕ್ತ ಕೊಟ್ಟು, ಇಎಸ್‌ಆರ್ ಇಳಿದಿಲ್ಲವೆಂದು ಅಳುವುದು ವ್ಯರ್ಥ ಸಾಧನೆ. ಬೇರೆ ತೊಂದರೆಯಿಲ್ಲದಿದ್ದರೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ನೋಡಿದರೆ, ನೆಗಡಿಯದ್ದೇ ಆಟವಾಗಿದ್ದಲ್ಲಿ ಸಿಆರ್‌ಪಿ ತನ್ನ ಪಾಡಿಗೆ ಕೆಳಗಿರುತ್ತದೆ. ಅಷ್ಟರಲ್ಲಿ ಆಕೆಗೆ ಎರಡು ಸ್ಕ್ಯಾನ್ ಆಗಿರುತ್ತವೆ, ಬಿಡಿ.

ಈ ಎರಡು ಸಂಖ್ಯೆಗಳು ಒಳಗೆ ಏನೋ ನಡೆಯುತ್ತಿದೆ ಎನ್ನುತ್ತವೆ. ಎಲ್ಲಿ, ಯಾಕೆ ಎನ್ನುವುದಿಲ್ಲ. ಸಿಆರ್‌ಪಿ ನೂರು ದಾಟಿದರೆ ಬ್ಯಾಕ್ಟೀರಿಯಾ ಸೋಂಕಿನ ಸಂಶಯ ಬಲವಾಗುತ್ತದೆ, ಆಗಲೂ ಅದು ಸಂಶಯವೇ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಊಟ ಅಗಿಯುವಾಗ ದವಡೆ ನೋಯುತ್ತಿದ್ದು, ಈ ಎರಡು ಸಂಖ್ಯೆಗಳೂ ಏರಿದ್ದರಂತೂ ಒಂದು ದಿನವೂ ಕಾಯಬಾರದು. ತಲೆಯ ರಕ್ತನಾಳದ ಉರಿಯೂತದಿಂದ ಕಣ್ಣೇ ಹೋಗಬಹುದು. ಅಲ್ಲಿ ಎಚ್ಚರಿಸುವುದು ದವಡೆಯ ನೋವು, ಸಂಖ್ಯೆ ಸಾಕ್ಷಿ ಹೇಳುತ್ತದೆ ಅಷ್ಟೆ.

ನನಗೆ ಸಿಟ್ಟು ಬರುವುದು ಇದರ ತಲೆಕೆಳಗಾದ ಆಟಕ್ಕೆ. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಊದಿಕೊಂಡು, ಗಂಟೆಗಟ್ಟಲೆ ಮುಷ್ಟಿ ಕಟ್ಟಲಾಗದವರಿದ್ದಾರೆ. ಸಂಧಿವಾತವಿದ್ದೂ ಕೆಲವರಲ್ಲಿ ಎರಡೂ ಪರೀಕ್ಷೆ ಸರಿಯಾಗಿಯೇ ಬರುತ್ತವೆ. ಅವರಿಗೆ ಸಿಗುವ ಉತ್ತರ: ವರದಿ ನಾರ್ಮಲ್, ನಿಮಗೇನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಗೆಣ್ಣನ್ನು ಒಮ್ಮೆ ಒತ್ತಿ ನೋಡಲು ಅರ್ಧ ನಿಮಿಷ ಸಾಕು. ಅದನ್ನೂ ಮಾಡುವುದಿಲ್ಲ.