ಫ್ರಿಜ್ಜಿನೊಳಗೆ ಸ್ಕೂಟರ್ ಕೀ

ಮೂರು ವಾರದಿಂದ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಫ್ಯಾನ್ ತಿರುಗುವುದಿಲ್ಲ, ಫ್ರಿಜ್ ಓಡುವುದಿಲ್ಲ, ಯಾರೂ ಕೆಮ್ಮುವ ಹಾಗಿಲ್ಲ. ಕಂಡವರಿಗೆಲ್ಲ ಸುಖವಾಗಿ ನಿದ್ದೆ ಬರಲಿ ಅಂತ ನಾವೊಂದು ನಿಮಿಷದ ವಿಡಿಯೋ ಮಾಡುತ್ತಿದ್ದೇವೆ. ನಮಗ್ಯಾರಿಗೂ ನಿದ್ದೆ ಇಲ್ಲ.

ಶುರು ಮಾಡಿದ್ದು ಮಗಳು. ಬೆಂಗಳೂರಿನ ಪೀಜಿಯಲ್ಲಿ ಇರುತ್ತಾಳೆ. ರಾತ್ರಿ ಎರಡರವರೆಗೆ ಮೊಬೈಲ್ ತಿಕ್ಕುತ್ತಾಳೆ, ಆಮೇಲೆ ನಿದ್ದೆ ಬರಲ್ಲ ಅಂತ ನನಗೆ ಫೋನ್ ಮಾಡುತ್ತಾಳೆ. "ಅಮ್ಮಾ, ಚಿಕ್ಕೋಳಿದ್ದಾಗ ಮಲಗಿಸ್ತಾ ಹೇಳ್ತಿದ್ಯಲ್ಲ, ರಾಮಂ ಸ್ಕಂದಂ, ಅದನ್ನ ನಿಧಾನಕ್ಕೆ, ಕಿವಿ ಹತ್ರ ಹೇಳ್ದಂಗೆ ರೆಕಾರ್ಡ್ ಮಾಡು. ಶಾರ್ಟ್ ಥರ ಹಾಕೋಣ. ಒಂದು ದೀಪ ತೋರಿಸಿದ್ರೆ ಸಾಕು. ನಿನ್ನ ಮುಖ ಬೇಡ." ಆ ಕೊನೆಯ ಮಾತನ್ನು ಅಷ್ಟು ಬೇಗ ಹೇಳಬೇಕಾಗಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಮ, ಸ್ಕಂದ, ಹನುಮಂತ, ಗರುಡ, ಭೀಮ, ಈ ಐದು ಜನರನ್ನು ಮಲಗುವಾಗ ನೆನೆದರೆ ಕೆಟ್ಟ ಕನಸು ಬೀಳುವುದಿಲ್ಲ ಅನ್ನುವ ಶ್ಲೋಕ ಅದು. ಗರುಡ ಅಲ್ಲಿ ವೈನತೇಯ, ಭೀಮ ವೃಕೋದರ, ಅಂದರೆ ತೋಳದ ಹೊಟ್ಟೆಯವನು. ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ. ಹಾಸಿಗೆ ಕೊಡವುತ್ತಾ ಹೇಳಿದರೆ ಹತ್ತು ಸೆಕೆಂಡಿಗೆ ಮುಗಿಯುತ್ತದೆ. ಅದನ್ನು ಒಂದು ನಿಮಿಷಕ್ಕೆ ಎಳೆಯಬೇಕು.

ಹೇಗೆ ಎಳೆಯುವುದು ಅಂತ ಹೇಳಿಕೊಟ್ಟವನು ನನ್ನ ಅಕ್ಕನ ಮಗ. ಹಾಡಿನ ರೆಕಾರ್ಡಿಂಗ್ ಮಾಡುವವನು, ಇಂಥ ವಿಷಯದಲ್ಲಿ ಅವನ ಮಾತು ಮುಗಿಯುವುದಿಲ್ಲ. 2001ರಲ್ಲಿ ಇಟಲಿಯ ವೈದ್ಯರು 23 ಜನರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿ ನೋಡಿದ್ದರಂತೆ. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಇಳಿಯಿತಂತೆ. ಸುಮ್ಮನೆ ಕೂತವರದು ಹನ್ನೆರಡರ ಮೇಲೇ ಇರುತ್ತದೆ. "ಅಂದ್ರೆ ಒಂದು ಉಸಿರಿಗೆ ಹತ್ತು ಸೆಕೆಂಡ್, ಚಿಕ್ಕಮ್ಮ. ನಾಲ್ಕು ಎಣಿಸೋವರೆಗೂ ಒಳಗೆ, ಆರು ಎಣಿಸೋವರೆಗೂ ಒಂದು ಪಾದ. ನಾಲ್ಕು ಪಾದಕ್ಕೆ ನಲವತ್ತು ಸೆಕೆಂಡ್. ಉಳಿದ ಇಪ್ಪತ್ತಕ್ಕೆ ಎರಡು ಸಲ ಬಾಯಿ ಮುಚ್ಚಿ ಮ್ ಅಂತ ಗುನುಗಿ." ಯೂಟ್ಯೂಬಿನಲ್ಲಿ ಶಾರ್ಟ್ಸ್ 2024ರ ಅಕ್ಟೋಬರಿನಿಂದ ಮೂರು ನಿಮಿಷದವರೆಗೂ ಇರಬಹುದು ಅಂತಲೂ ಹೇಳಿದ. ಅದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ.

ಮೊದಲ ತಾಲೀಮಿಗೆ ಶ್ರೋತೃ ನಮ್ಮತ್ತೆ. ಎಂಬತ್ತೆರಡು ವರ್ಷ, ಕಿವಿ ನನಗಿಂತ ಚುರುಕು. ನಾನು "ಹ... ನೂ... ಮಂ..." ಅಂತ ಎಳೆಯುತ್ತಿದ್ದರೆ ಅವರು ತಡೆದುಕೊಳ್ಳಲಾಗದೆ, "ಇಷ್ಟು ನಿಧಾನಕ್ಕೆ ಹೇಳಿದ್ರೆ ಹನುಮಂತ ಲಂಕೆಗೆ ಹೋಗಿ ವಾಪಸ್ ಬಂದಿರ್ತಾನಮ್ಮಾ" ಅಂದರು.

ರೆಕಾರ್ಡಿಂಗಿಗೆ ಅಕ್ಕನ ಮಗನೇ ಒಂದು ಕಾಲರ್ ಮೈಕ್ ಕೊಟ್ಟ. ಕಿವಿಯ ಹತ್ತಿರ ಹೇಳಿದ ಹಾಗೆ ಕೇಳಬೇಕಾದರೆ ಮೈಕು ಬಾಯಿಗೆ ನಾಲ್ಕು ಬೆರಳು ದೂರ ಇರಬೇಕು. ದೂರವನ್ನು ಅರ್ಧ ಮಾಡಿದರೆ ದನಿ ಸುಮಾರು ಆರು ಡೆಸಿಬಲ್ ಏರುತ್ತದೆ, ಕೋಣೆಯ ಮೂಲೆಯ ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಹತ್ತಿರ ಹೋಗುವುದರಿಂದ ಸಿಗುವ ಲಾಭ ಇದು. ನಷ್ಟ ಏನು ಅನ್ನುವುದು ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಗೊತ್ತಾಯಿತು. ನನ್ನ ತುಟಿ ಬಿಡುವ ಸದ್ದು, ನಾಲಗೆ ಅಂಟಿ ಬಿಡುವ ಚಟ್, ಗಾಜಿನ ಬಳೆ, ಉಗುಳು ನುಂಗಿದ್ದು, ಎಲ್ಲವೂ ಇದ್ದವು. ಶ್ಲೋಕವೂ ಇತ್ತು.

ಇನ್ನು ಅಕ್ಷರಗಳ ಕಾಟ. 'ಮಂ', 'ದಂ', 'ತಂ' ಬಂದಾಗ ಬಾಯಿ ಮುಚ್ಚುತ್ತದೆ, ದನಿ ಮೂಗಿನಿಂದ ಹೊರಟು ತಂಬೂರಿಯ ಹಾಗೆ ಕೇಳುತ್ತದೆ. ಮೊದಲ ಎರಡು ಪಾದದಲ್ಲಿ ಕೇಳುವವರು ಕಣ್ಣು ಮುಚ್ಚಿರುತ್ತಾರೆ. ಮೂರನೆಯದರಲ್ಲಿ 'ಶಯನೇ' ಅಂದರೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಕೇಳುತ್ತದೆ. ನಾಲ್ಕನೆಯದು ಶುರುವಾಗುವುದೇ 'ದುಃಸ್ವಪ್ನ'ದಿಂದ. ವಿಸರ್ಗದ ಉಸಿರು, ಅದರ ಬೆನ್ನಿಗೆ ಸಕಾರ, ಆಮೇಲೆ ಪಕಾರ. ನಾಲ್ಕು ಬೆರಳಿನ ದೂರದಲ್ಲಿ ಇಷ್ಟೂ ಗಾಳಿ ಹೋಗಿ ಮೈಕಿಗೆ ಹೊಡೆದರೆ 'ಧುಫ್' ಅಂತ ಬಾಗಿಲು ಬಡಿದಂತಾಗುತ್ತದೆ. ಕೆಟ್ಟ ಕನಸು ಓಡಿಸಬೇಕಾದ ಪದವೇ ಮಲಗಿದವರನ್ನು ಎಬ್ಬಿಸುತ್ತಿತ್ತು. ಕೊನೆಗೆ ಮೈಕನ್ನು ಬಾಯಿಯ ಎದುರಿನಿಂದ ಸರಿಸಿ ತುಟಿಯ ಮೂಲೆಗೆ, ಕೆನ್ನೆಯ ಪಕ್ಕಕ್ಕೆ ತಂದೆವು. ದನಿ ಬರುತ್ತದೆ, ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ. ಗೊತ್ತಾದ ಮೇಲೆ ಬಲು ಸುಲಭ. ಗೊತ್ತಾಗಲು ಮೂರು ರಾತ್ರಿ ಹಿಡಿಯಿತು.

ನಾಲ್ಕನೇ ರಾತ್ರಿ ಎಲ್ಲವೂ ಸರಿಯಾಗಿತ್ತು, ಆದರೆ ಸರಿಯಾಗಿ 'ವೃಕೋದರಮ್' ಅನ್ನುವಾಗ ಒಂದು ಗುರ್ ಸದ್ದು. ಮತ್ತೆ ಹೇಳಿದೆ. ಮತ್ತೆ ಗುರ್. ಬೀದಿನಾಯಿ ಅಂದುಕೊಂಡೆವು. ಅಲ್ಲ, ನನ್ನ ಹೊಟ್ಟೆ. ಬೆಳಿಗ್ಗೆ ಅಕ್ಕನ ಮಗ ಕೇಳಿ ನಕ್ಕು ಸುಸ್ತಾದ. "ತೋಳದ ಹೊಟ್ಟೆಗೆ ಸೌಂಡ್ ಎಫೆಕ್ಟ್ ಕೊಟ್ಟಿದ್ದೀರಲ್ಲ ಚಿಕ್ಕಮ್ಮ!" ರೆಕಾರ್ಡಿಂಗಿನ ದಿನ ಏಳಕ್ಕೇ ಮೆತ್ತಗೆ ಮೊಸರನ್ನ ತಿನ್ನಬೇಕು, ಖಾಲಿ ಹೊಟ್ಟೆಯಲ್ಲೂ ಕೂರಬಾರದು, ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿರಬೇಕು ಅಂತ ಅಪ್ಪಣೆಯಾಯಿತು. ನನ್ನ ಮದುವೆಯಲ್ಲೂ ಇಷ್ಟು ನಿಯಮ ಇರಲಿಲ್ಲ.

ಆಮೇಲೆ ಫ್ರಿಜ್ಜಿನ ವಿಷಯ. ಅದು ಹಗಲಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಸುಮ್ಮನಿರುತ್ತದೆ, ರಾತ್ರಿ ರೆಕಾರ್ಡಿಂಗಿನಲ್ಲಿ ಮಾತ್ರ ದೂರದಲ್ಲಿ ಲಾರಿ ನಿಂತ ಹಾಗೆ ಗುಂಯ್‌ಗುಡುತ್ತದೆ. ಮೊದಲ ಸಲ ಸ್ವಿಚ್ ಆರಿಸಿ ಮರೆತು ಮಲಗಿದೆ. ಬೆಳಿಗ್ಗೆ ಒಂದೂವರೆ ಲೀಟರ್ ಹಾಲು ಒಡೆದಿತ್ತು, ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿತ್ತು. ಆಗ ಅಕ್ಕನ ಮಗ ತನ್ನ ಕಸುಬಿನ ಒಂದು ಉಪಾಯ ಹೇಳಿಕೊಟ್ಟ. ಮನೆಗಳಲ್ಲಿ ಶೂಟಿಂಗ್ ಮಾಡುವವರು ಫ್ರಿಜ್ ಆರಿಸಿದ ಕೂಡಲೇ ಗಾಡಿಯ ಕೀಯನ್ನು ಅದರೊಳಗೆ ಇಡುತ್ತಾರಂತೆ. ಮನೆಗೆ ಹೊರಡಬೇಕಾದರೆ ಫ್ರಿಜ್ ತೆಗೆಯಲೇಬೇಕು, ತೆಗೆದರೆ ಸ್ವಿಚ್ ನೆನಪಾಗಲೇಬೇಕು. ಭಲೇ ಉಪಾಯ ಅಲ್ವಾ? ನನಗೆ ಗಾಡಿ ಬರುವುದಿಲ್ಲ. ಆದ್ದರಿಂದ ನಮ್ಮವರ ಸ್ಕೂಟರ್ ಕೀ ಇಟ್ಟೆ. ಅವರಿಗೆ ಹೇಳಲಿಲ್ಲ.

ಮರುದಿನ ಅವರು ಕೀ ಹುಡುಕಿದ ರೀತಿಯನ್ನು ನಾನು ವರ್ಣಿಸುವುದಿಲ್ಲ. ಸೋಫಾದ ದಿಂಬು, ಪ್ಯಾಂಟಿನ ಜೇಬು, ದೇವರ ಮನೆ, ಪಕ್ಕದ ಮನೆ. ಕೊನೆಗೆ ಅತ್ತೆ ಕರಿಬೇವು ತೆಗೆಯಲು ಹೋಗಿ, "ಇದ್ಯಾಕೋ ಇಲ್ಲಿ ತಣ್ಣಗೆ ಮಲಗಿದೆ" ಅಂತ ಕೀ ಎತ್ತಿ ಹಿಡಿದರು. ಕೀ ತಣ್ಣಗಿತ್ತು, ಅಂದರೆ ಸ್ವಿಚ್ ನಾನೇ ಹಾಕಿದ್ದೆ. ಕೀ ಮಾತ್ರ ಮರೆತಿದ್ದೆ.

ಗೋಡೆಗಳು ದನಿಯನ್ನು ವಾಪಸ್ ಎಸೆಯುತ್ತವೆ, ಅದಕ್ಕೆ ಬಟ್ಟೆ ತುಂಬಿದ ಜಾಗ ಒಳ್ಳೆಯದು ಅಂತ ಬೀರುವಿನ ಬಾಗಿಲು ತೆಗೆದು ರೇಷ್ಮೆ ಸೀರೆಗಳ ಮಧ್ಯೆ ತಲೆಯಿಟ್ಟೂ ಹೇಳಿದೆ. ದನಿ ನಿಜವಾಗಿಯೂ ಮೆತ್ತಗಾಯಿತು. ಆದರೆ ನುಸಿಗುಳಿಗೆಯ ವಾಸನೆಗೆ 'ವೈನತೇ' ಆದಮೇಲೆ 'ಯಂ' ಬದಲು ಸೀನು ಬಂತು. ಗರುಡನೇ ಹಾರಿಹೋದ.

ದೀಪದ್ದು ಬೇರೆಯೇ ರಗಳೆ. ಕತ್ತಲಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿ ಮೊಬೈಲ್ ಹಿಡಿದರೆ ಕುಡಿ ಕಾಣುವುದಿಲ್ಲ, ಬಿಳಿ ಇಡ್ಲಿ ಕಾಣುತ್ತದೆ. ಕತ್ತಲೆಯೇ ಜಾಸ್ತಿ ಇರುವುದರಿಂದ ಮೊಬೈಲು ತಾನೇ ಬೆಳಕು ಏರಿಸಿಬಿಡುತ್ತದೆ, ಕುಡಿ ಅಲುಗಿದರೆ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಪರದೆಯ ಮೇಲೆ ಕುಡಿಯನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆರಳಿನಿಂದ ಬೆಳಕನ್ನು ಕೆಳಕ್ಕೆ ಎಳೆದ ಮೇಲೆ ಚಿನ್ನದ ಬಣ್ಣದ ಕುಡಿ ಬಂತು. ಹಿಂದಿನ ಗೋಡೆ ಪೂರ್ತಿ ಕಪ್ಪಾಗಲಿಲ್ಲ, ಅಪ್‌ಲೋಡ್ ಮಾಡಿದಾಗ ಮಸುಕು ಚೌಕಗಳು ಹರಿದಾಡಿದವು. ದೀಪವನ್ನು ಗೋಡೆಯಿಂದ ಆರಡಿ ಮುಂದೆ ತಂದೆವು, ಸರಿಹೋಯಿತು.

ಅಂತೂ ಒಂದು ನಿಮಿಷ ಸಿದ್ಧವಾಯಿತು. ಪರೀಕ್ಷೆಗೆ ನಮ್ಮವರನ್ನು ಮಲಗಿಸಿ ಮೊಬೈಲ್ ಕೈಗೆ ಕೊಟ್ಟೆ. "ಏನೂ ಕೇಳಿಸ್ತಿಲ್ವಲ್ಲೇ" ಅಂತ ವಾಲ್ಯೂಮ್ ಪೂರ್ತಿ ಏರಿಸಿದರು. ಎರಡನೇ ಸುತ್ತಿಗೆ ಉಸಿರು ನಿಧಾನವಾಯಿತು. ಮೂರನೇ ಸುತ್ತಿಗೆ ಗೊರಕೆ. ನಾನು ಮೆತ್ತಗೆ ಕೈ ತಟ್ಟಬೇಕು ಅನ್ನುವಷ್ಟರಲ್ಲಿ ಅವರ ಹೆಬ್ಬೆರಳು ಪರದೆಯ ಮೇಲೆ ಜಾರಿತು. ಮುಂದಿನ ಶಾರ್ಟ್ ಬಂತು. ಅದು ತಮಟೆ.

ಅವರು ಹಾಸಿಗೆಯ ಮೇಲೆ ನಿಂತಿದ್ದರು. ಹೇಗೆ ನಿಂತರು ಅಂತ ಅವರಿಗೂ ಗೊತ್ತಿಲ್ಲ.

ತಪ್ಪು ತಮಟೆಯದಲ್ಲ, ನನ್ನದು. ತೀರಾ ಜೋರಾಗಿರುವ ವಿಡಿಯೋವನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ, ತೀರಾ ಮೆತ್ತಗಿರುವುದನ್ನು ಎತ್ತಿಕೊಡುವುದಿಲ್ಲ. ಶಾಂತವಾಗಿರಲಿ ಅಂತ ನಾನು ಪಿಸುಗುಟ್ಟಿ, ಅದನ್ನು ಹಾಗೇ ಬಿಟ್ಟಿದ್ದೆ. ಕೇಳುವವರು ವಾಲ್ಯೂಮ್ ಏರಿಸಲೇಬೇಕು. ಏರಿಸಿದ ವಾಲ್ಯೂಮ್ ಮುಂದಿನ ವಿಡಿಯೋಕ್ಕೂ ಹಾಗೇ ಉಳಿಯುತ್ತದೆ. ಹೇಳುವ ರೀತಿ ಪಿಸುಮಾತಿನದಿರಲಿ, ಫೈಲಿನ ದನಿಮಟ್ಟ ಉಳಿದವರ ಹತ್ತಿರಹತ್ತಿರಕ್ಕೇ ಇರಲಿ ಅಂದ ಅಕ್ಕನ ಮಗ. ಸರಿ, ಎತ್ತರಿಸಿದೆವು. ದನಿಯ ಜೊತೆ ಹಿಂದಿದ್ದ ಸದ್ದುಗಳೂ ಎದ್ದು ಬಂದವು. ಅದನ್ನು ಅಳಿಸುವ ಫಿಲ್ಟರ್ ಹಾಕಿದರೆ ನಾನು ಸಿಂಟೆಕ್ಸ್ ಟ್ಯಾಂಕಿನೊಳಗೆ ಕೂತು ಹೇಳಿದ ಹಾಗಾಯಿತು. ಬೇರೆ ದಾರಿಯಿಲ್ಲ, ಮೊದಲಿನಿಂದ ಮತ್ತೆ ಹೇಳಬೇಕು.

ಮೊನ್ನೆ ರಾತ್ರಿ ಮೂರಕ್ಕೆ ಎದ್ದು ಕೂತೆ. ನಾಯಿಗಳು ಮಲಗಿದ್ದವು, ಹಾಲಿನ ಗಾಡಿ ಬರಲು ಇನ್ನೂ ಹೊತ್ತಿತ್ತು. ಫ್ರಿಜ್ ಆರಿಸಿ, ಬಳೆ ತೆಗೆದು, ಕೆನ್ನೆಯ ಪಕ್ಕ ಮೈಕಿಟ್ಟು ಶುರು ಮಾಡಿದೆ. ಶಯನೇ ದಾಟಿತು. ದುಃಸ್ವಪ್ನವೂ ದಾಟಿತು. ಕೊನೆಯ ಗುನುಗೂ ಮುಗಿಯುತ್ತಾ ಬಂತು. ಆಗ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ, "ಲೊಚ್ ಲೊಚ್ ಲೊಚ್." ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ ಅತ್ತೆ ಪಕ್ಕದ ಕೋಣೆಯಿಂದ ಮೆಲ್ಲಗೆ, "ಕೃಷ್ಣ ಕೃಷ್ಣ" ಅಂದು ಮಂಚದ ಹಲಗೆಯನ್ನು ಮೂರು ಸಲ ತಟ್ಟಿದರು.

ನನಗೆ ಅಳುವೇ ಬಂತು. ಸಿಟ್ಟಿಗೆ ಹಾಗೇ ಮಗಳಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅವಳ ಮೆಸೇಜ್. ಆ ಕೊನೆಯಲ್ಲಿ ಟಕ್ ಟಕ್ ಟಕ್ ಅಂತ ಬರುತ್ತಲ್ಲ, ಅದು ಕೇಳಿದರೆ ಸಾಕು ಕಣ್ಣು ಎಳೆಯುತ್ತದಂತೆ. ಎಷ್ಟು ಸುತ್ತು ಓಡಿತೋ ಗೊತ್ತಿಲ್ಲ, ಆಫೀಸಿನ ಮೊದಲ ಮೀಟಿಂಗ್ ತಪ್ಪಿಹೋಯಿತಂತೆ. "ಅಜ್ಜಿ ತಟ್ಟೋದನ್ನೇ ಒಂದು ನಿಮಿಷ ರೆಕಾರ್ಡ್ ಮಾಡು. ಶ್ಲೋಕ ಇದ್ರೂ ಪರವಾಗಿಲ್ಲ."

ಅತ್ತೆಗೆ ಹೇಳಿದೆ. "ಹಲ್ಲಿ ನುಡೀದೆ ಸುಮ್ನೆ ಹಂಗೆಲ್ಲ ತಟ್ಟೋಕಾಗಲ್ಲಮ್ಮ" ಅಂದುಬಿಟ್ಟರು. ಈಗ ರಾತ್ರಿ ಹನ್ನೆರಡೂವರೆ. ನಾನು, ಅತ್ತೆ, ಮೈಕು, ಮೂವರೂ ಟ್ಯೂಬ್‌ಲೈಟ್ ನೋಡುತ್ತಾ ಕೂತಿದ್ದೇವೆ. ಸ್ಕೂಟರ್ ಕೀ ಫ್ರಿಜ್ಜಿನಲ್ಲಿದೆ.