ಮನಾ ಕರ್ವ್ ಮುರಿದ ಎರಡು ಕಾರ್ಡು: ಗೆನ್, ಬಾಕು ಮತ್ತು ಒಂದು ಬ್ಯಾನಿನ ಲೆಕ್ಕ

ಡಿಜಿಟಲ್ ಕಾರ್ಡ್ ಗೇಮುಗಳಲ್ಲಿ ಯಾವುದಾದರೂ ಕಾರ್ಡು ಬ್ಯಾನ್ ಆದಾಗೆಲ್ಲ ಒಂದೇ ವಾದ ಕೇಳಿಬರುತ್ತದೆ: "ಬ್ಯಾನ್ ಯಾಕೆ ಮಾಡಬೇಕು, ಕಾಸ್ಟ್ ಒಂದು ಹೆಚ್ಚಿಸಿದ್ರೆ ಸಾಕಿತ್ತಲ್ಲ?" ಕಾಗದದ ಕಾರ್ಡಿನ ಮೇಲೆ ಅಚ್ಚಾದದ್ದನ್ನು ತಿದ್ದಲಾಗದು, ಡಿಜಿಟಲ್‌ನಲ್ಲಿ ಒಂದು ಪ್ಯಾಚ್ ಸಾಕು. ಹಾಗಾಗಿ ವಾದ ಸರಿ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಕೆಲವು ಕಾರ್ಡುಗಳ ವಿಷಯದಲ್ಲಿ ನರ್ಫ್‌ಗಿಂತ, ಅಂದರೆ ಕಾರ್ಡನ್ನು ದುರ್ಬಲ ಮಾಡುವುದಕ್ಕಿಂತ, ತೆಗೆದುಹಾಕುವುದೇ ಆಟಗಾರರಿಗೆ ನ್ಯಾಯ. ಇದಕ್ಕೆ ಹರ್ತ್‌ಸ್ಟೋನ್‌ನ ಗೆನ್ ಗ್ರೇಮೇನ್ ಮತ್ತು ಬಾಕು ದ ಮೂನ್‌ಈಟರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಕರ್ವ್, ಅಂದರೆ ಡೆಕ್‌ನ ಕಾರ್ಡುಗಳ ಕಾಸ್ಟ್ ಹೇಗೆ ಹಂಚಿಕೆಯಾಗಿದೆ ಅನ್ನುವುದು. ಹರ್ತ್‌ಸ್ಟೋನ್‌ನಲ್ಲಿ ಡೆಕ್ ಅಂದರೆ 30 ಕಾರ್ಡು. ಒಂದೊಂದು ಕಾರ್ಡೂ ಹೆಚ್ಚೆಂದರೆ ಎರಡು, ಲೆಜೆಂಡರಿ ಆದರೆ ಒಂದೇ. ಕಾರ್ಡು ಆಡಲು ಖರ್ಚು ಮಾಡುವ ಮನಾ ತಾನಾಗಿಯೇ ಪ್ರತಿ ಟರ್ನಿಗೆ ಒಂದೊಂದು ಏರುತ್ತದೆ, 10ಕ್ಕೆ ನಿಲ್ಲುತ್ತದೆ. ಅಂದರೆ ಮೊದಲ ಐದು ಟರ್ನಿನಲ್ಲಿ ನಿಮಗೆ ಸಿಗುವುದು ಒಟ್ಟು 15 ಮನಾ. ಅದರಲ್ಲಿ ಎಷ್ಟನ್ನು ನಿಜವಾಗಿ ಖರ್ಚು ಮಾಡಿದಿರಿ ಅನ್ನುವುದೇ ಕರ್ವ್‌ನ ಅಸಲಿ ಪರೀಕ್ಷೆ. ಡೆಕ್‌ನ ಸರಾಸರಿ ಕಾಸ್ಟ್ ನೋಡಿ ತೃಪ್ತಿಪಡುವವರು ಇದನ್ನೇ ಮರೆಯುತ್ತಾರೆ. ಖರ್ಚಾಗದ ಮನಾ ಮುಂದಿನ ಟರ್ನಿಗೆ ಉಳಿಯುವುದಿಲ್ಲ, ಹೋದದ್ದು ಹೋಯಿತು.

ಮೊದಲ ಟರ್ನಿನ ಆ ಒಂದು ಮನಾವನ್ನೇ ತೆಗೆದುಕೊಳ್ಳಿ. ಡೆಕ್‌ನಲ್ಲಿ ಒಂದು ಮನಾದ ಕಾರ್ಡು ಎರಡೇ ಇವೆ ಅಂದುಕೊಳ್ಳೋಣ. ನೀವು ಮೊದಲು ಆಡುವವರು: ಕೈಗೆ ಮೂರು ಕಾರ್ಡು ಬರುತ್ತದೆ, ಬೇಕಾದದ್ದು ಇಲ್ಲದಿದ್ದರೆ ಮೂರನ್ನೂ ಬದಲಿಸುತ್ತೀರಿ, ಆಮೇಲೆ ಟರ್ನಿನ ಡ್ರಾ ಒಂದು. ಇಷ್ಟೆಲ್ಲ ಮಾಡಿದರೂ ಆ ಎರಡರಲ್ಲಿ ಒಂದಾದರೂ ಮೊದಲ ಟರ್ನಿಗೆ ಸಿಗುವ ಸಾಧ್ಯತೆ ಸುಮಾರು 41%. ಅಂಥವು ನಾಲ್ಕಿದ್ದರೆ 67%, ಆರಿದ್ದರೆ 82%. ಬೇಗ ಗೆಲ್ಲಲು ನೋಡುವ ಅಗ್ರೋ ಡೆಕ್‌ಗಳು ಒಂದರ ಕಾರ್ಡನ್ನು ಆರೆಂಟು ತುಂಬುವುದು ಇದೇ ಕಾರಣಕ್ಕೆ. ಆದರೆ ಅದಕ್ಕೊಂದು ದಂಡವೂ ಇದೆ: ಎಂಟನೇ ಟರ್ನಿನಲ್ಲಿ ಅದೇ ಪುಟ್ಟ ಕಾರ್ಡು ಕೈಗೆ ಬಂದರೆ ಅದರಿಂದ ಏನೂ ಉಪಯೋಗವಿಲ್ಲ. ಮೊದಲ ಟರ್ನ್ ಬೇಕೋ, ಕೊನೆಯ ಟರ್ನ್ ಬೇಕೋ ಅನ್ನುವ ಈ ಎಳೆದಾಟವೇ ಆಟವನ್ನು ಸಮತೂಕದಲ್ಲಿ ಇಡುವುದು.

2018ರ ಏಪ್ರಿಲ್‌ನಲ್ಲಿ ದ ವಿಚ್‌ವುಡ್ ಸೆಟ್‌ನ ಜೊತೆ ಬಂದ ಗೆನ್ ಈ ಎಳೆದಾಟವನ್ನೇ ಇಲ್ಲವಾಗಿಸಿದ. ಷರತ್ತು ಇಷ್ಟೇ: ಡೆಕ್‌ನಲ್ಲಿ ಇರುವುದೆಲ್ಲ ಸಮಸಂಖ್ಯೆಯ ಕಾಸ್ಟಿನ ಕಾರ್ಡುಗಳೇ ಆಗಿದ್ದರೆ, ಪ್ರತಿ ಟರ್ನಿಗೆ ಒಮ್ಮೆ ಕಾರ್ಡಿಲ್ಲದೆ ಬಳಸಬಹುದಾದ ಎರಡು ಮನಾದ ಹೀರೋ ಪವರ್ ಆಟದ ಆರಂಭದಿಂದಲೇ ಒಂದು ಮನಾಕ್ಕೆ ಸಿಗುತ್ತದೆ. ಬಾಕುವಿನದು ಇದರ ತಿರುಗುಮುರುಗು: ಎಲ್ಲವೂ ಬೆಸಸಂಖ್ಯೆಯಾಗಿದ್ದರೆ ಹೀರೋ ಪವರ್ ಬಲವಾಗುತ್ತದೆ. ಹಂಟರ್ ಹೀರೋನ ಏಟು ಎರಡರಿಂದ ಮೂರಾಗುತ್ತದೆ, ಪ್ಯಾಲಡಿನ್‌ಗೆ ಒಬ್ಬ ಸಿಪಾಯಿಯ ಬದಲು ಇಬ್ಬರು.

ಗೆನ್ ಡೆಕ್‌ನ ಮೊದಲ ಐದು ಟರ್ನ್ ಆಡಿ ನೋಡಿ. ಒಂದನೇ ಟರ್ನಿಗೆ ಹೀರೋ ಪವರ್. ಎರಡಕ್ಕೆ ಎರಡರ ಕಾರ್ಡು. ಮೂರಕ್ಕೆ ಎರಡರ ಕಾರ್ಡು ಮತ್ತು ಹೀರೋ ಪವರ್. ನಾಲ್ಕಕ್ಕೆ ನಾಲ್ಕರದು. ಐದಕ್ಕೆ ನಾಲ್ಕರದು ಮತ್ತು ಹೀರೋ ಪವರ್. 15ಕ್ಕೆ 15 ಮನಾ ಖರ್ಚಾಯಿತು, ಕೈಯಿಂದ ಹೋದದ್ದು ನಾಲ್ಕೇ ಕಾರ್ಡು. ಉಳಿದವರು 82% ಖಾತ್ರಿಗಾಗಿ ಆರು ಜಾಗ ಬಿಟ್ಟುಕೊಡಬೇಕಾದ ಕಡೆ, ಗೆನ್ ಡೆಕ್‌ಗೆ ಮೊದಲ ಟರ್ನಿನ ಆಟ ನೂರಕ್ಕೆ ನೂರು ಖಾತ್ರಿ, ಅದಕ್ಕಾಗಿ ಮೀಸಲಿಟ್ಟ ಜಾಗ ಗೆನ್‌ನದೊಂದೇ. ಗೆನ್ ಕಾರ್ಡು ಕೈಗೆ ಬರಬೇಕು ಅಂತಲೂ ಇಲ್ಲ. ಡೆಕ್‌ನ ತಳದಲ್ಲಿ ಬಿದ್ದಿದ್ದರೂ ಕೆಲಸ ಆಗಿಹೋಗಿರುತ್ತದೆ.

ಇಬ್ಬರೂ ಲೆಜೆಂಡರಿ ಕಾರ್ಡುಗಳೇ. ಇಲ್ಲಿ ರ್ಯಾರಿಟಿ ಏನು ಮಾಡಿತು? ಏನೂ ಇಲ್ಲ. ಲೆಜೆಂಡರಿಗೆ ಒಂದೇ ಪ್ರತಿ ಅನ್ನುವ ನಿಯಮದಿಂದ ಸಮತೂಕ ಸಿಗುವುದು, ಒಂದೇ ಪ್ರತಿ ಇದ್ದರೆ ಪ್ರತಿ ಆಟದಲ್ಲೂ ಅದು ಕೈಗೆ ಬರುವುದಿಲ್ಲ ಅನ್ನುವ ಕಾರಣಕ್ಕೆ. ಕೈಗೆ ಬಾರದೆಯೇ ಕೆಲಸ ಮಾಡುವ ಕಾರ್ಡಿಗೆ ಆ ನಿಯಮ ತಾಗುವುದೇ ಇಲ್ಲ. ಉಳಿದದ್ದು ಬೆಲೆ ಮಾತ್ರ: ಕಾರ್ಡು ಮಾಡಿಕೊಳ್ಳಲು ಆಟದೊಳಗೆ ಬಳಸುವ ಡಸ್ಟ್, ಅದು 1600. ಬೆಲೆ ಒಬ್ಬ ಹೊಸ ಆಟಗಾರನನ್ನು ಕಾರ್ಡಿನಿಂದ ದೂರ ಇಡಬಹುದು, ಆದರೆ ಅವನ ಎದುರಾಳಿಯ ಕೈಯಲ್ಲಿರುವ ಕಾರ್ಡನ್ನು ದುರ್ಬಲ ಮಾಡುವುದಿಲ್ಲ. ರ್ಯಾರಿಟಿಯನ್ನು ಶಕ್ತಿಯ ಅಳತೆ ಅಂದುಕೊಳ್ಳುವವರು ಈ ಎರಡನ್ನು ಬೇರೆ ಮಾಡಿ ನೋಡಬೇಕು.

ಈಗ ನರ್ಫ್‌ನ ಮಾತು. ಗೆನ್‌ನ ಕಾಸ್ಟ್ 6 ಇದ್ದದ್ದನ್ನು 8 ಮಾಡಿದರೂ ವ್ಯತ್ಯಾಸ ಆಗುತ್ತಿರಲಿಲ್ಲ, ಯಾಕೆಂದರೆ ಅವನನ್ನು ಆಡುವ ಅಗತ್ಯವೇ ಇರಲಿಲ್ಲ. ಹಾಗಾಗಿ ತಂಡ ಸುತ್ತಲಿನ ಕಾರ್ಡುಗಳ ಮೇಲೆ ಕೈಹಾಕಿತು. 2018ರ ಮೇನಲ್ಲಿ ಪ್ಯಾಲಡಿನ್‌ನ ಕಾಲ್ ಟು ಆರ್ಮ್ಸ್ 4ರಿಂದ 5 ಆಯಿತು. 2019ರ ಫೆಬ್ರವರಿಯಲ್ಲಿ ರೋಗ್‌ನ ಕೋಲ್ಡ್ ಬ್ಲಡ್ 1ರಿಂದ 2, ಶಾಮನ್‌ನ ಫ್ಲೇಮ್‌ಟಂಗ್ ಟೋಟೆಮ್ 2ರಿಂದ 3. ಬೇರೆ ಡೆಕ್‌ಗಳಿಗೆ ಇದು ಒಂದು ಮನಾದ ಏರಿಕೆ. ಸಮ-ಬೆಸ ಡೆಕ್‌ಗಳಿಗೆ ಮಾತ್ರ ಇದು ಬಹಿಷ್ಕಾರ: ಸಂಖ್ಯೆ ಒಂದು ಜಾರಿದ ಕೂಡಲೇ ಕಾರ್ಡು ಆ ಡೆಕ್‌ಗೆ ಸೇರುವಂತೆಯೇ ಇಲ್ಲ. ಬಾಕುವಿನ ಸುದ್ದಿಗೇ ಹೋಗದೆ ಕೋಲ್ಡ್ ಬ್ಲಡ್ ಆಡುತ್ತಿದ್ದ ರೋಗ್ ಆಟಗಾರರೂ ಅದೇ ಏಟು ತಿಂದರು. ನನಗೆ ಅತ್ಯಂತ ಅನ್ಯಾಯ ಅನ್ನಿಸುವುದು ಇದು.

ಡಸ್ಟ್‌ನ ಲೆಕ್ಕವನ್ನೂ ಹಾಕಿ. ಕಾರ್ಡು ನರ್ಫ್ ಆದರೆ ಸ್ವಲ್ಪ ದಿನ ಅದನ್ನು ಒಡೆದು ಪೂರ್ತಿ ಬೆಲೆ ವಾಪಸ್ ಪಡೆಯಬಹುದು. ಕೋಲ್ಡ್ ಬ್ಲಡ್ ಕಾಮನ್ ಕಾರ್ಡು, ತಲಾ 40 ಡಸ್ಟ್, ಎರಡಕ್ಕೆ 80. ಆದರೆ ಆ ನರ್ಫ್‌ನಿಂದ ನಿಮ್ಮ ಬೆಸ ರೋಗ್ ಡೆಕ್ ಸೋತು ಬಾಕು ಬೇಡವಾದರೆ? ಬಾಕು ನರ್ಫ್ ಆಗಿಲ್ಲವಲ್ಲ, ಹಾಗಾಗಿ ಮಾಮೂಲಿ ದರ: 1600 ಕೊಟ್ಟು ಮಾಡಿದ ಲೆಜೆಂಡರಿಯನ್ನು ಒಡೆದರೆ 400. ಅಲ್ಲಿಗೆ 1200 ನಷ್ಟ, 80 ಪರಿಹಾರ. ತಪ್ಪು ಇದ್ದದ್ದು ಬಾಕುವಿನಲ್ಲಿ, ಪರಿಹಾರ ಕೊಟ್ಟದ್ದು ಕೋಲ್ಡ್ ಬ್ಲಡ್‌ಗೆ.

2019ರ ಏಪ್ರಿಲ್‌ನಲ್ಲಿ ಕೊನೆಗೂ ಸರಿಯಾದ ಕೆಲಸ ಆಯಿತು. ಗೆನ್ ಮತ್ತು ಬಾಕು ಇಬ್ಬರನ್ನೂ ಅವಧಿಗಿಂತ ಒಂದು ವರ್ಷ ಮೊದಲೇ, ಇತ್ತೀಚಿನ ಸೆಟ್‌ಗಳಷ್ಟೇ ನಡೆಯುವ ಸ್ಟ್ಯಾಂಡರ್ಡ್‌ನಿಂದ ತೆಗೆದು ಹಾಲ್ ಆಫ್ ಫೇಮ್‌ಗೆ ಹಾಕಿದರು. ಕಾರ್ಡು ನಿಮ್ಮ ಬಳಿಯೇ ಉಳಿಯಿತು, ಹಳೆಯ ಕಾರ್ಡೂ ನಡೆಯುವ ವೈಲ್ಡ್‌ನಲ್ಲಿ ಆಡಬಹುದಿತ್ತು, ಮೇಲೆ 1600 ಡಸ್ಟ್ ಕೂಡ ಬಂತು. ನನಗೆ ಮೆಚ್ಚುಗೆಯಾದದ್ದು ಇನ್ನೊಂದು: ಇವರಿಬ್ಬರಿಗಾಗಿಯೇ ಮಾಡಿದ್ದ ಬ್ಲ್ಯಾಕ್ ಕ್ಯಾಟ್, ಗ್ಲೂಮ್ ಸ್ಟ್ಯಾಗ್, ಗ್ಲಿಟರ್ ಮಾತ್, ಮರ್ಕ್‌ಸ್ಪಾರ್ಕ್ ಈಲ್ ಕಾರ್ಡುಗಳನ್ನೂ ಜೊತೆಗೇ ತೆಗೆದರು, ಅವಕ್ಕೂ ಡಸ್ಟ್ ಕೊಟ್ಟರು. ಒಂದು ಕಾರ್ಡು ಹೋದರೆ ಅದನ್ನೇ ನಂಬಿದ್ದ ಕಾರ್ಡುಗಳೂ ಕಸವಾಗುತ್ತವೆ ಅನ್ನುವುದನ್ನು ಒಪ್ಪಿಕೊಂಡ ಅಪರೂಪದ ಪ್ರಕಟಣೆ ಅದು.

ಮ್ಯಾಜಿಕ್ ಕಾರ್ಡ್ ಆಟದವರು ಮರುವರ್ಷವೇ ಇದೇ ಗುಂಡಿಗೆ ಬಿದ್ದರು. 2020ರ ಇಕೋರಿಯಾ ಸೆಟ್‌ನ ಕಂಪ್ಯಾನಿಯನ್ ಕಾರ್ಡುಗಳೂ ಡೆಕ್ ಕಟ್ಟುವಾಗಿನ ಷರತ್ತನ್ನು ಪೂರೈಸಿದರೆ ಪ್ರತಿ ಆಟದಲ್ಲೂ ಖಾತ್ರಿ. ಅವುಗಳಲ್ಲಿ ಬೆಸಕ್ಕೊಂದು ಓಬೋಶ್, ಸಮಕ್ಕೊಂದು ಗೈರೂಡಾ ಕೂಡ ಇದ್ದವು. ಅಲ್ಲಿ ಜೂನ್‌ನಲ್ಲಿ ನಿಯಮವನ್ನೇ ಬದಲಿಸಿದರು: ಕಂಪ್ಯಾನಿಯನ್ ಕೈಗೆ ಬರಬೇಕಾದರೆ ಮೊದಲು ಮೂರು ಮನಾ ತೆರಬೇಕು. ಪುಕ್ಕಟೆ ಖಾತ್ರಿಗೆ ಕರ್ವ್‌ನಲ್ಲೇ ಬೆಲೆ ಕಟ್ಟಿದ ಈ ದಾರಿ ನನಗೆ ಒಪ್ಪಿಗೆ. ಗೆನ್‌ಗೆ ಇದನ್ನು ಮಾಡಲಾಗುತ್ತಿರಲಿಲ್ಲ, ಯಾಕೆಂದರೆ ಅವನ ಪರಿಣಾಮ ಶುರುವಾಗುವುದು ಮೊದಲ ಮನಾ ಸಿಗುವುದಕ್ಕೂ ಮುಂಚೆ.

ಹೊಸ ಸೆಟ್ ಬಂದಾಗ ಡಸ್ಟ್ ಸುರಿಯುವ ಮುನ್ನ ಕಾರ್ಡಿನ ಮೇಲೆ "ಆಟದ ಆರಂಭದಲ್ಲಿ" ಅನ್ನುವ ಅರ್ಥದ ಮಾತಿದೆಯೇ ನೋಡಿ. ಇದ್ದರೆ ಅದನ್ನು ಸುಮ್ಮನೆ ಕಾಸ್ಟ್ ಏರಿಸಿ ಸರಿಮಾಡಲು ಬರುವುದಿಲ್ಲ, ಏಟು ಬೀಳುವುದು ಅದರ ನೆರೆಹೊರೆಗೆ. ಆ ಡೆಕ್‌ನಲ್ಲಿ ನೀವು ಮಾಡಲಿರುವ ದುಬಾರಿ ಕಾರ್ಡುಗಳಲ್ಲಿ ಎಷ್ಟು ಬೇರೆ ಡೆಕ್‌ಗೂ ಆಗಿಬರುತ್ತವೆ ಅಂತ ಎಣಿಸಿ, ಆಮೇಲೆ ಕ್ರಾಫ್ಟ್ ಬಟನ್ ಒತ್ತಿ.